ಮಣಿಕಟ್ಟು ನೋಯುತ್ತಿದ್ದರೆ ಮೇಜನ್ನು ಅಳೆಯಿರಿ

ಅಂಗೈ ಶುರುವಾಗುವ ಕಡೆ, ಮಣಿಕಟ್ಟಿನ ಒಳಬದಿಯಲ್ಲಿ, ಒಂದು ಇಕ್ಕಟ್ಟಾದ ಸುರಂಗವಿದೆ. ಅದರ ತಳವೂ ಗೋಡೆಗಳೂ ಎಂಟು ಸಣ್ಣ ಮೂಳೆಗಳದು, ಚಾವಣಿ ಅಷ್ಟಾಗಿ ಹಿಗ್ಗದ ಒಂದು ದಪ್ಪ ಪಟ್ಟಿಯದು. ಬೆರಳು ಮಡಿಸುವ ಸ್ನಾಯುಗಳ ಬಹುಭಾಗ ಮುಂಗೈಯಲ್ಲಿದೆ. ಅಲ್ಲಿಂದ ಹೊರಟ ಒಂಬತ್ತು ಸ್ನಾಯುರಜ್ಜುಗಳು, ಜೊತೆಗೆ ಮೀಡಿಯನ್ ಎಂಬ ನರ, ಈ ಸುರಂಗದೊಳಗೇ ನುಸುಳಬೇಕು. ಮಣಿಕಟ್ಟು ನೆಟ್ಟಗಿದ್ದರೆ ಹಗ್ಗಗಳು ಸಲೀಸಾಗಿ ಜಾರುತ್ತವೆ. ಮೇಲಕ್ಕೋ ಕೆಳಕ್ಕೋ ಬಾಗಿದರೆ, ರಾಟೆಯಿಲ್ಲದ ಬಾವಿಯ ಹಗ್ಗ ಕಟ್ಟೆಯ ಅಂಚಿಗೆ ಉಜ್ಜಿದಂತೆ ಉಜ್ಜತೊಡಗುತ್ತವೆ, ಸುರಂಗದೊಳಗಿನ ಒತ್ತಡವೂ ಏರುತ್ತದೆ. ಹೀಗೆ ದಿನವಿಡೀ ಕೀಲಿ ಒತ್ತುವ ಕೈಗೆ, ಒತ್ತಿದ ಸಂಖ್ಯೆಯಷ್ಟೇ ಒತ್ತುವಾಗಿನ ಕೋನವೂ ಮುಖ್ಯ. ಆ ಕೋನವನ್ನು ಹೆಚ್ಚಾಗಿ ನಿರ್ಧರಿಸುವುದು ಮೇಜು ಮತ್ತು ಕುರ್ಚಿ. ಆದ್ದರಿಂದಲೇ ನೋವು ಬಂದ ನೌಕರರು ಕಂಪನಿಯನ್ನು ಮೊದಲು ಕೇಳಬೇಕಾದ್ದು ಹೊಸ ಕೀಬೋರ್ಡನ್ನಲ್ಲ, ತಾವು ಕೂರುವ ಜಾಗದ ಅಳತೆಯನ್ನು ಎಂಬುದು ನನ್ನ ವಾದ.

ಒಂದು ಲೆಕ್ಕ ನೋಡೋಣ. ಸುಮಾರು 155 ಸೆಂಟಿಮೀಟರ್ ಎತ್ತರದ ಮಹಿಳೆಯೊಬ್ಬರು ಪಾದ ನೆಲಕ್ಕೂರಿ ಕೂತರೆ ಕುರ್ಚಿಯ ಎತ್ತರ 40 ಸೆಂಟಿಮೀಟರಿನ ಆಸುಪಾಸು ಬರುತ್ತದೆ. ಅವರ ಮೊಣಕೈ ಆಸನದಿಂದ 22 ಸೆಂಟಿಮೀಟರ್ ಮೇಲಿದೆ ಎಂದುಕೊಳ್ಳಿ, ಅಂದರೆ ನೆಲದಿಂದ 62. ಕಚೇರಿಯ ಮೇಜು 75 ಸೆಂಟಿಮೀಟರಿನದು, ಏರಿಳಿಸಲು ಬರುವುದಿಲ್ಲ. ಈ 13 ಸೆಂಟಿಮೀಟರ್ ಅಂತರವನ್ನು ದೇಹ ಹೇಗೋ ತುಂಬಬೇಕು: ಹೆಗಲು ಎತ್ತುತ್ತಾರೆ, ಮುಂಗೈ ಮೇಜಿನ ಅಂಚಿಗೆ ಒತ್ತುತ್ತದೆ, ಹಸ್ತ ಹಿಂದಕ್ಕೆ ಬಾಗುತ್ತದೆ. ಕೀಬೋರ್ಡಿನ ಹಿಂಬದಿಯ ಪುಟ್ಟ ಕಾಲುಗಳನ್ನು ಬಿಡಿಸಿಟ್ಟಿದ್ದರೆ ಬಾಗು ಇನ್ನೂ ಹೆಚ್ಚು. ಇಲ್ಲಿ ದುಬಾರಿ ಕೀಬೋರ್ಡ್ ತಂದರೂ ಅಂತರ ಹಾಗೇ ಉಳಿಯುತ್ತದೆ. ಕುರ್ಚಿಯನ್ನು ಸುಮಾರು 13 ಸೆಂಟಿಮೀಟರ್ ಏರಿಸಿ ಪಾದಕ್ಕೆ ಅಷ್ಟೇ ಎತ್ತರದ ಕಾಲ್ಮಣೆ ಕೊಟ್ಟು, ಕೀಬೋರ್ಡಿನ ಕಾಲು ಮಡಿಸಿದರೆ ಅದು ಬಹುಮಟ್ಟಿಗೆ ಮುಚ್ಚುತ್ತದೆ. ಲ್ಯಾಪ್‌ಟಾಪ್‌ನಲ್ಲಿ ಮಾತ್ರ ಈ ಉಪಾಯ ಸಾಲದು. ಪರದೆ, ಕೀಲಿ ಎರಡೂ ಅಂಟಿಕೊಂಡಿರುವುದರಿಂದ ಕೈಗೆ ಸರಿಹೊಂದಿಸಿದರೆ ಕತ್ತು ಬಾಗುತ್ತದೆ, ಕತ್ತಿಗೆ ಹೊಂದಿಸಿದರೆ ಕೈ ಏರುತ್ತದೆ. ಬೇರೆ ಕೀಬೋರ್ಡು, ಮೌಸು ಕೇಳುವುದಕ್ಕೆ ಸರಿಯಾದ ಕಾರಣ ಇದು.

ಮನವಿ ಚಿಕ್ಕದಿರಲಿ, ಆದರೆ ಬೆರಳುಗಳ ಹೆಸರು ಅದರಲ್ಲಿರಲಿ. ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿಯುತ್ತಿದ್ದರೆ ಸಂಶಯ ಮೀಡಿಯನ್ ನರದ ಮೇಲೆ, ಅಂದರೆ ಮಣಿಕಟ್ಟಿನ ಬಾಗಿನ ಮೇಲೆ. ಕಿರುಬೆರಳು ಜೋಮುಗಟ್ಟಿದರೆ ಅಲ್ನಾರ್ ಎಂಬ ಬೇರೆ ನರದ ಮಾತು. ಅದು ಹೆಚ್ಚಾಗಿ ಒತ್ತಡಕ್ಕೆ ಸಿಗುವುದು ಮೊಣಕೈಯಲ್ಲಿ, ಆಗ ಕುರ್ಚಿಯ ಗಟ್ಟಿ ಕೈಯನ್ನು ನೋಡಬೇಕು. ಬಲಗೈ ಮಾತ್ರ ನೋಯುತ್ತಿದ್ದರೆ ಮೌಸಿನ ಜಾಗ ಗಮನಿಸಬೇಕು: ಕೀಬೋರ್ಡಿನ ಬಲಗಡೆಯ ಅಂಕಿಗಳ ಗುಂಪು ಅದನ್ನು ಅಂಗೈ ಅಗಲ ಆಚೆ ತಳ್ಳಿರುತ್ತದೆ. ದಿನಕ್ಕೆ ಎಷ್ಟು ಗಂಟೆ ಕೆಲಸ, ನೋವು ಯಾವ ಹೊತ್ತಿಗೆ ಶುರು, ರಜೆಯಲ್ಲಿ ಇಳಿಯುತ್ತದೆಯೇ ಎಂದು ಎರಡು ವಾರ ಬರೆದಿಟ್ಟು, 'ನಾನು ಕೆಲಸ ಮಾಡುತ್ತಿರುವಾಗಲೇ ನನ್ನ ಜಾಗವನ್ನು ಪರಿಶೀಲಿಸಿ' ಎಂದು ಮ್ಯಾನೇಜರಿಗೂ ಎಚ್‌ಆರ್‌ಗೂ ಇಮೇಲ್ ಕಳಿಸಿದರೆ ದಿನಾಂಕವೂ ದಾಖಲಾಗುತ್ತದೆ. ಬ್ರಿಟನ್ನಿನಲ್ಲಿ ಇಂಥ ಪರಿಶೀಲನೆ 1992ರ ನಿಯಮಗಳಿಂದಲೇ ಮಾಲೀಕರ ಹೊಣೆ. ಬೆಂಗಳೂರಿನ ಕಚೇರಿಯಲ್ಲಿ ಸಾಮಾನ್ಯವಾಗಿ ಅದನ್ನು ಕೇಳಿಯೇ ಪಡೆಯಬೇಕು.

ಇದಕ್ಕೊಂದು ಗಟ್ಟಿ ಆಕ್ಷೇಪವಿದೆ. ಕಂಪ್ಯೂಟರಿನಿಂದಲೇ ಮೀಡಿಯನ್ ನರ ಅದುಮಿಹೋಗುತ್ತದೆ ಎಂಬುದಕ್ಕೆ ಪುರಾವೆ ದುರ್ಬಲ: 2003ರಲ್ಲಿ ಪ್ರಕಟವಾದ ಡೆನ್ಮಾರ್ಕಿನ ದೊಡ್ಡ ಅಧ್ಯಯನ ಕೀಬೋರ್ಡ್ ಬಳಕೆಗೂ ನರ ಅದುಮಿಹೋಗುವ ಆ ಕಾಯಿಲೆಗೂ ಸ್ಪಷ್ಟ ನಂಟು ಕಾಣಲಿಲ್ಲ, ವಾರಕ್ಕೆ 20 ಗಂಟೆ ಮೀರಿ ಮೌಸ್ ಹಿಡಿದವರಲ್ಲಷ್ಟೇ ಸಂಶಯ ಉಳಿಯಿತು. ಮಧುಮೇಹ, ಥೈರಾಯ್ಡ್ ಕೊರತೆ, ಗರ್ಭಾವಸ್ಥೆಯೂ ಇದೇ ಜೋಮು ತರುತ್ತವೆ. ಆಕ್ಷೇಪ ನಿಜ, ಅದಕ್ಕೇ ಮನವಿಯಲ್ಲಿ ರೋಗದ ಹೆಸರು ಬರೆಯದೆ ಲಕ್ಷಣವನ್ನಷ್ಟೇ ಬರೆಯುವುದು ಒಳ್ಳೆಯದು. ಕೈ ನೋವೆಲ್ಲ ನರದ್ದಲ್ಲ. ದಣಿದ ಸ್ನಾಯು, ಉರಿಗೊಂಡ ರಜ್ಜು ಕೂಡ ನೋಯುತ್ತವೆ. ಕಾರಣ ಬೇರೆಯೇ ಇದ್ದರೂ ಮಣಿಕಟ್ಟನ್ನು ಬಾಗಿಸಿ ದುಡಿಸುವುದು ಅದಕ್ಕೆ ಹಿತವಲ್ಲ. ಆದರೆ ಹೆಬ್ಬೆರಳ ಬುಡದ ಉಬ್ಬು ಸವೆಯುತ್ತಿದ್ದರೆ, ಲೋಟ ಕೈಜಾರುತ್ತಿದ್ದರೆ, ಪರಿಶೀಲನೆಗೆ ಕಾಯದೆ ವೈದ್ಯರ ಬಳಿ ಹೋಗಿ ನರದ ವಹನ ಪರೀಕ್ಷೆ ಬೇಕೇ ಎಂದು ಕೇಳಬೇಕು.

ಎಲ್ಲರಿಗೂ ಒಳ್ಳೆಯ ಕುರ್ಚಿ ಕೊಟ್ಟಿದ್ದೇವಲ್ಲ ಎಂದು ಕಂಪನಿ ಹೇಳಬಹುದು. ಕುರ್ಚಿ ಎಷ್ಟೇ ಒಳ್ಳೆಯದಾದರೂ ಅದರ ಹಿಡಿಯನ್ನು ಯಾರ ಮೊಣಕೈಗೆ ಎಲ್ಲಿ ನಿಲ್ಲಿಸಬೇಕೆಂಬುದು ಅಳೆಯದೆ ತಿಳಿಯುವುದಿಲ್ಲ. ದಿನಕ್ಕೊಂದು ಮೇಜು ಸಿಗುವ ಕಚೇರಿಗಳಲ್ಲಂತೂ ಪರಿಶೀಲಿಸಿದವರಿಂದ ಆಸನದ ಎತ್ತರ, ಕಾಲ್ಮಣೆಯ ಎತ್ತರ, ಪರದೆಯ ದೂರ ಈ ಮೂರು ಅಂಕಿಗಳನ್ನು ಬರೆಸಿಕೊಳ್ಳಬೇಕು; ಮರುದಿನ ಬೇರೆ ಮೇಜಿಗೆ ಕೂತಾಗ ಒಂದು ಟೇಪಿನಿಂದ ಎಲ್ಲವನ್ನೂ ಮತ್ತೆ ಹೊಂದಿಸಿಕೊಳ್ಳಬಹುದು.