ಕ್ರೆಡಿಟ್ ಕಾರ್ಡ್ ಬಾಕಿ ವರ್ಗಾವಣೆ

ಕ್ರೆಡಿಟ್ ಕಾರ್ಡ್ ಬಾಕಿ ವರ್ಗಾವಣೆ ಅಥವಾ ಬ್ಯಾಲೆನ್ಸ್ ಟ್ರಾನ್ಸ್‌ಫರ್ ಎಂದರೆ ಒಂದು ಬ್ಯಾಂಕಿನ ಕ್ರೆಡಿಟ್ ಕಾರ್ಡಿನಲ್ಲಿ ಉಳಿದಿರುವ ಸಾಲವನ್ನು ಇನ್ನೊಂದು ಬ್ಯಾಂಕಿನ ಕಾರ್ಡಿಗೆ ಸಾಗಿಸುವ ವ್ಯವಸ್ಥೆ. ಹೊಸ ಬ್ಯಾಂಕು ಹಳೆಯ ಕಾರ್ಡಿನ ಬಾಕಿಯನ್ನು ತೀರಿಸಿ, ಆ ಮೊತ್ತವನ್ನು ತನ್ನ ಕಾರ್ಡಿನ ಲೆಕ್ಕಕ್ಕೆ ಬರೆದುಕೊಳ್ಳುತ್ತದೆ. ಇದರಿಂದ ಸಾಲ ತೀರುವುದಿಲ್ಲ. ಸಾಲಗಾರನ ಎದುರಿಗಿರುವ ಬ್ಯಾಂಕು ಮಾತ್ರ ಬದಲಾಗುತ್ತದೆ. ಇದಕ್ಕೆ ಪ್ರತಿಯಾಗಿ ಕೆಲವು ತಿಂಗಳುಗಳ ಮಟ್ಟಿಗೆ ಬಡ್ಡಿಯಿಲ್ಲದ ಅಥವಾ ಕಡಿಮೆ ಬಡ್ಡಿಯ ಸೌಲಭ್ಯ ದೊರೆಯುತ್ತದೆ.

ಭಾರತದಲ್ಲಿನ ಸ್ವರೂಪ

ಭಾರತದಲ್ಲಿ ಅನೇಕ ಕಾರ್ಡುಗಳ ಬಡ್ಡಿ ತಿಂಗಳಿಗೆ ಶೇ. 3.5ರ ಆಸುಪಾಸಿನಲ್ಲಿದೆ, ಅಂದರೆ ವರ್ಷಕ್ಕೆ ಸುಮಾರು ಶೇ. 42. ಇದರ ಮೇಲೆ ಶೇ. 18 ಜಿಎಸ್‌ಟಿ ಸೇರುತ್ತದೆ. ವರ್ಗಾವಣೆಯ ಕೊಡುಗೆಗಳು ಸಾಮಾನ್ಯವಾಗಿ ಎರಡು ಬಗೆಯವು. ಒಂದರಲ್ಲಿ ಎರಡು ತಿಂಗಳ ಕಾಲ ಬಡ್ಡಿ ಇರುವುದಿಲ್ಲ, ಆದರೆ ಮೊತ್ತದ ಶೇ. 2ರಷ್ಟು ಸಂಸ್ಕರಣಾ ಶುಲ್ಕವಿರುತ್ತದೆ. ಇನ್ನೊಂದರಲ್ಲಿ ಆರು ತಿಂಗಳ ಕಾಲ ತಿಂಗಳಿಗೆ ಶೇ. 1.7ರಂತಹ ಇಳಿಸಿದ ಬಡ್ಡಿ ಇರುತ್ತದೆ. ದರಗಳು ಬ್ಯಾಂಕಿನಿಂದ ಬ್ಯಾಂಕಿಗೆ ಬೇರೆಯಾಗುತ್ತವೆ.

ಅಂತರ್ಜಾಲದಲ್ಲಿ ಸಿಗುವ ಬಹಳಷ್ಟು ಬರಹಗಳು ಅಮೆರಿಕದ ಕಾರ್ಡುಗಳನ್ನು ಕುರಿತವು. ಅಲ್ಲಿ ಬಡ್ಡಿರಹಿತ ಅವಧಿ ಒಂದು ವರ್ಷವನ್ನು ಮೀರುವುದೂ ಉಂಟು. ಅಲ್ಲಿನ ಸಲಹೆಯನ್ನು ಎರಡು ತಿಂಗಳ ಅವಧಿಗೆ ಹಾಗೆಯೇ ಅನ್ವಯಿಸಿದರೆ ಲೆಕ್ಕ ತಪ್ಪುತ್ತದೆ.

ಒಂದು ಲೆಕ್ಕ

₹50,000 ಬಾಕಿಯಿದೆ ಎಂದುಕೊಳ್ಳೋಣ. ಹಳೆಯ ಕಾರ್ಡಿನಲ್ಲಿ ತಿಂಗಳ ಬಡ್ಡಿ ₹1,750, ಅದರ ಮೇಲಿನ ತೆರಿಗೆ ₹315, ಒಟ್ಟು ₹2,065. ಎರಡು ತಿಂಗಳ ಬಡ್ಡಿರಹಿತ ವರ್ಗಾವಣೆಗೆ ಶುಲ್ಕ ₹1,000, ತೆರಿಗೆ ₹180, ಒಟ್ಟು ₹1,180. ಎರಡು ತಿಂಗಳ ಕೊನೆಯಲ್ಲಿ ಪೂರ್ತಿ ಹಣ ಕಟ್ಟುವವನಿಗೆ ₹4,130ರ ಬದಲು ₹1,180 ತಗಲುತ್ತದೆ. ಉಳಿತಾಯ ನಿಜವಾದದ್ದೇ. ಆದರೆ ಹದಿನೈದು ದಿನಗಳಲ್ಲಿ ಸಂಬಳವೋ ಚೀಟಿಯ ಹಣವೋ ಬಂದು ಸಾಲ ತೀರುವಂತಿದ್ದರೆ ವರ್ಗಾವಣೆಯೇ ನಷ್ಟ. ₹1,180 ಎಂಬುದು ಹಳೆಯ ಕಾರ್ಡಿನ ಸುಮಾರು 17 ದಿನಗಳ ಬಡ್ಡಿಗೆ ಸಮ.

ಹೆಚ್ಚಿನವರು ಎರಡು ತಿಂಗಳಲ್ಲಿ ತೀರಿಸಲಾಗದ್ದಕ್ಕೇ ಇಂತಹ ಕೊಡುಗೆಯನ್ನು ಹುಡುಕುತ್ತಾರೆ. ಆದ್ದರಿಂದ ಪ್ರತಿ ತಿಂಗಳ ಕೊನೆಗೆ ಅಸಲಿನಲ್ಲಿ ₹5,000 ಮತ್ತು ಆ ತಿಂಗಳ ಬಡ್ಡಿಯನ್ನು ಕಟ್ಟಿ, ಹತ್ತು ತಿಂಗಳಲ್ಲಿ ಸಾಲ ತೀರಿಸುವವನನ್ನು ನೋಡಬೇಕು. ಹಳೆಯ ಕಾರ್ಡಿನಲ್ಲೇ ಉಳಿದರೆ ಅವನಿಗೆ ತಗಲುವ ಬಡ್ಡಿ ಮತ್ತು ತೆರಿಗೆ ಸುಮಾರು ₹11,358. ಎರಡು ತಿಂಗಳ ಬಡ್ಡಿರಹಿತ ಕೊಡುಗೆ ಪಡೆದು, ಮೂರನೆಯ ತಿಂಗಳಿನಿಂದ ಹೊಸ ಕಾರ್ಡಿನಲ್ಲಿಯೂ ಶೇ. 3.5 ಬಡ್ಡಿ ತೆತ್ತರೆ, ಶುಲ್ಕವೂ ಸೇರಿ ₹8,614. ಆರು ತಿಂಗಳು ಶೇ. 1.7, ಆಮೇಲೆ ಶೇ. 3.5 ಎಂಬ ಕೊಡುಗೆಯಲ್ಲಿ ಸುಮಾರು ₹6,579, ಅದಕ್ಕೂ ಶೇ. 2 ಶುಲ್ಕ ಹಾಕಿದರೂ ಸುಮಾರು ₹7,759. ಜಾಹೀರಾತಿನಲ್ಲಿ ದೊಡ್ಡದಾಗಿ ಕಾಣುವ ಸೊನ್ನೆಯೇ ಇಲ್ಲಿ ದುಬಾರಿಯ ಆಯ್ಕೆ. ಸಾಲ ತೀರಲು ಬೇಕಾಗುವ ಕಾಲವನ್ನು ಮೊದಲು ಅಂದಾಜು ಮಾಡದೆ ಎರಡು ಕೊಡುಗೆಗಳನ್ನು ಹೋಲಿಸಲು ಬರುವುದಿಲ್ಲ.

ಲೆಕ್ಕ ಕೆಡುವ ಸಂದರ್ಭಗಳು

ಹೊಸ ಕಾರ್ಡಿನಿಂದ ದಿನಸಿ, ಪೆಟ್ರೋಲ್ ಮುಂತಾದ ಖರ್ಚುಗಳನ್ನು ಮಾಡುವುದು ಮುಖ್ಯ ಕಾರಣ. ಭಾರತೀಯ ರಿಸರ್ವ್ ಬ್ಯಾಂಕಿನ ನಿರ್ದೇಶನಗಳ ಪ್ರಕಾರ, ಹಿಂದಿನ ತಿಂಗಳ ಬಿಲ್ಲಿನಲ್ಲಿ ಬಾಕಿ ಉಳಿದಿದ್ದರೆ ಬಡ್ಡಿರಹಿತ ಸಾಲದ ಅವಧಿ ಅಮಾನತಾಗುತ್ತದೆ ಎಂಬುದನ್ನು ಬ್ಯಾಂಕು ಗ್ರಾಹಕನಿಗೆ ತಿಳಿಸಬೇಕು. ವರ್ಗಾವಣೆಯ ಮೊತ್ತ ಬಾಕಿಯಿರುವಾಗ ಹೊಸ ಖರೀದಿಗೆ ಕೊಂಡ ದಿನದಿಂದಲೇ ಪೂರ್ಣ ದರದ ಬಡ್ಡಿ ಬೀಳಬಹುದು. ಮುಂದಿನ ಬಿಲ್ಲಿನಲ್ಲಿ ‘ಹಣಕಾಸು ಶುಲ್ಕ’ ಎಂಬ ಸಾಲು ಕಾಣಿಸಿದರೆ ಹೀಗಾಗಿದೆಯೇ ಎಂದು ನೋಡಬೇಕು. ವರ್ಗಾವಣೆ ಪಡೆದ ಕಾರ್ಡನ್ನು ಸಾಲ ತೀರುವವರೆಗೆ ಬೀರುವಿನಲ್ಲಿ ಇಡುವುದೇ ಲೇಸು.

ಹಳೆಯ ಕಾರ್ಡನ್ನೂ ಮರೆಯುವಂತಿಲ್ಲ. ಅರ್ಜಿ ಹಾಕಿದ ದಿನವೇ ಹಣ ಅಲ್ಲಿಗೆ ತಲಪುವುದಿಲ್ಲ. ನಡುವೆ ಗಡುವು ಬಂದರೆ ಕನಿಷ್ಠ ಪಾವತಿಯನ್ನು ಕಟ್ಟಲೇಬೇಕು. ಬಡ್ಡಿಯನ್ನು ದಿನದ ಲೆಕ್ಕದಲ್ಲಿ ಹಾಕುವುದರಿಂದ, ಬಿಲ್ಲಿನ ದಿನದಿಂದ ಹಣ ಜಮೆಯಾಗುವ ದಿನದವರೆಗಿನ ಬಡ್ಡಿ ಮರುತಿಂಗಳು ಸಣ್ಣ ಮೊತ್ತವಾಗಿ ಕಾಣಿಸಿಕೊಳ್ಳುತ್ತದೆ. ಎಲ್ಲವೂ ತೀರಿತೆಂದು ಬಗೆದು ಆ ಬಿಲ್ಲನ್ನು ತೆರೆಯದೇ ಇರುವವರು ನೂರಿನ್ನೂರು ರೂಪಾಯಿಗೆ ವಿಳಂಬ ಶುಲ್ಕ ತೆತ್ತು, ಸಾಲದ ಇತಿಹಾಸದಲ್ಲಿ ಕಪ್ಪುಚುಕ್ಕೆಯನ್ನೂ ಪಡೆಯುತ್ತಾರೆ. ಬಾಕಿ ಶೂನ್ಯವಾಗಿದೆಯೆಂದು ತೋರಿಸುವ ಬಿಲ್ಲು ಕೈಗೆ ಬಂದ ಮೇಲೆಯೇ ಹಳೆಯ ಕಾರ್ಡಿನ ಸಾಲ ಮುಗಿಯಿತೆಂದು ತಿಳಿಯಬೇಕು.