ಮಾರ್ಚ್ 31ರ ಬಾಕಿ, ಮುಂಗಡ: ಲಾಭದ ಲೆಕ್ಕ ಎಲ್ಲಿ ತಪ್ಪುತ್ತದೆ?

ಮಾರ್ಚ್ ತಿಂಗಳ ಸಂಬಳವನ್ನು ಏಪ್ರಿಲ್ 7ಕ್ಕೆ ಕೊಟ್ಟರೆ ಅದು ಯಾವ ವರ್ಷದ ಖರ್ಚು? ದುಡಿದದ್ದು ಹಳೆಯ ವರ್ಷ, ದುಡ್ಡು ಹೋದದ್ದು ಹೊಸ ವರ್ಷ. ಕ್ಯಾಷ್ ಬುಕ್ಕನ್ನು ಕೇಳಿದರೆ ಅದು ಹೊಸ ವರ್ಷದ್ದೇ ಅನ್ನುತ್ತದೆ, ಏಕೆಂದರೆ ದುಡ್ಡು ಕೈಬಿಟ್ಟ ದಿನವಷ್ಟೇ ಅದಕ್ಕೆ ಗೊತ್ತು. ಲಾಭದ ಲೆಕ್ಕಕ್ಕೆ ಬೇಕಾದದ್ದು ಬೇರೆ. ಈ ವರ್ಷದ ಆದಾಯ ಗಳಿಸಲು ಈ ವರ್ಷ ಏನೇನು ಬಳಸಿಕೊಂಡೆವೋ ಅದೆಲ್ಲ ಈ ವರ್ಷದ ಖರ್ಚು, ದುಡ್ಡು ಯಾವಾಗಲಾದರೂ ಹೋಗಲಿ. ಕ್ಯಾಷ್ ಬುಕ್ಕಿಗೂ ಲಾಭದ ಲೆಕ್ಕಕ್ಕೂ ನಡುವಿನ ಈ ಅಂತರವನ್ನು ವರ್ಷದ ಕೊನೆಯ ದಿನ ಸರಿಪಡಿಸುವುದೇ ಹೊಂದಾಣಿಕೆ ನಮೂದುಗಳ ಕೆಲಸ.

ಒಂದು ಉದಾಹರಣೆ ಹಿಡಿದು ಕೊನೆಯವರೆಗೆ ಹೋಗೋಣ. ಹುಬ್ಬಳ್ಳಿಯಲ್ಲಿ ಭಾವ, ಭಾಮೈದ ಸೇರಿ 2024ರ ಏಪ್ರಿಲ್ 1ರಂದು ಸಣ್ಣದೊಂದು ಆಫ್‌ಸೆಟ್ ಪ್ರೆಸ್ ಶುರುಮಾಡಿದರು ಅಂದುಕೊಳ್ಳಿ. ಇಬ್ಬರದೂ ಸಮಪಾಲು. ವರ್ಷ ತುಂಬುವ ಹೊತ್ತಿಗೆ ಭಾಮೈದನಿಗೆ ಬೇರೆ ಕಡೆ ಕೆಲಸ ಸಿಕ್ಕಿ, 2025ರ ಮಾರ್ಚ್ 31ಕ್ಕೆ ಪಾಲು ತೆಗೆದುಕೊಂಡು ಹೊರಡುವುದೆಂದು ಮಾತಾಯಿತು. ಹಣ ಬಂದದ್ದು, ಹೋದದ್ದು ಮಾತ್ರ ನೋಡಿದರೆ ಪುಸ್ತಕದಲ್ಲಿ 2,40,000 ರೂಪಾಯಿ ಲಾಭ ಕಾಣುತ್ತದೆ. ಅದರಲ್ಲಿ ಅರ್ಧ, 1,20,000 ಕೊಟ್ಟು ಕಳಿಸಬಹುದೇ?

ಮೊದಲು ಸಂಬಳ ನೋಡಿ. ತಿಂಗಳಿಗೆ 50,000, ಪ್ರತಿ ಬಾರಿ ಮುಂದಿನ ತಿಂಗಳ 7ಕ್ಕೆ ಬಟವಾಡೆ. ಹಾಗಾಗಿ ಮೊದಲ ವರ್ಷ ಪುಸ್ತಕದಲ್ಲಿ ಬಿದ್ದಿರುವುದು ಹನ್ನೊಂದೇ ಸಂಬಳ, 5,50,000. ಹನ್ನೆರಡನೆಯದನ್ನು ಇನ್ನೂ ಕೊಟ್ಟಿಲ್ಲ, ಆದರೆ ಕೆಲಸಗಾರರು ದುಡಿದಾಗಿದೆ. ಮಾರ್ಚ್ 31ರ ತಾರೀಖಿನಲ್ಲಿ ಸಂಬಳ ಖಾತೆಗೆ 50,000 ಡೆಬಿಟ್, ಕೊಡಬೇಕಾದ ಸಂಬಳ ಎಂಬ ಖಾತೆಗೆ 50,000 ಕ್ರೆಡಿಟ್. ಕ್ಯಾಷ್ ಖಾತೆಯನ್ನಾಗಲಿ ಬ್ಯಾಂಕ್ ಖಾತೆಯನ್ನಾಗಲಿ ಇಲ್ಲಿ ಮುಟ್ಟುವಂತಿಲ್ಲ. ಟ್ಯಾಲಿಯಲ್ಲಿ ಬರೆಯುವವರಾದರೆ ಇದನ್ನು ಪೇಮೆಂಟ್ ವೋಚರ್‌ನಲ್ಲಿ ಅಲ್ಲ, F7 ಒತ್ತಿದರೆ ತೆರೆಯುವ ಜರ್ನಲ್ ವೋಚರ್‌ನಲ್ಲಿ ಹಾಕುತ್ತಾರೆ.

ಕರೆಂಟ್ ಬಿಲ್ಲು ಸ್ವಲ್ಪ ತೊಡಕು. ಮೀಟರ್ ಓದುವುದು ಪ್ರತಿ ತಿಂಗಳ 10ಕ್ಕೆ. ಮಾರ್ಚ್ 10ರವರೆಗಿನ ಬಿಲ್ಲು ಕಟ್ಟಿಯಾಗಿದೆ. ಅಲ್ಲಿಂದ ಮಾರ್ಚ್ 31ರವರೆಗೆ ಯಂತ್ರ ಓಡಿದೆ, ಬಿಲ್ಲು ಮಾತ್ರ ಬಂದಿಲ್ಲ. ‘ಬಿಲ್ಲೇ ಇಲ್ಲದ ಮೇಲೆ ಖರ್ಚು ಎಲ್ಲಿಂದ ಬಂತು?’ ಎಂಬ ವಾದ ಅಂಗಡಿಗಳಲ್ಲಿ ಆಗಾಗ ಕೇಳುತ್ತದೆ. ಆದರೆ ಬಾಕಿ ಹುಟ್ಟುವುದು ವಿದ್ಯುತ್ ಉರಿದಾಗ, ಬಿಲ್ಲು ಹರಿದಾಗಲ್ಲ. ಅದೃಷ್ಟಕ್ಕೆ ಅಂತಿಮ ಲೆಕ್ಕ ಕೂರುವುದು ಮೇ ತಿಂಗಳಲ್ಲೋ ಜೂನ್‌ನಲ್ಲೋ. ಅಷ್ಟರಲ್ಲಿ ಏಪ್ರಿಲ್ 10ರ ಬಿಲ್ಲು ಕೈಯಲ್ಲಿರುತ್ತದೆ: 31 ದಿನಕ್ಕೆ 9,300, ದಿನಕ್ಕೆ 300. ಮಾರ್ಚ್‌ಗೆ ಸೇರಿದ 21 ದಿನಕ್ಕೆ 6,300. ಮೀಟರ್ ದಿನಾ ಒಂದೇ ಸಮ ಓಡಿರುವುದಿಲ್ಲ, ನಿಜ. ಆದರೂ ಸಮಂಜಸವಾದ ಅಂದಾಜು ಸಾಕು. ನೂರಿನ್ನೂರು ಆಚೀಚೆಯಾದರೆ ಮುಂದಿನ ವರ್ಷದ ಖಾತೆ ಅದನ್ನು ನುಂಗಿಕೊಳ್ಳುತ್ತದೆ.

ವಿಮೆಯದು ತಿರುಗುಮುರುಗು. 2025ರ ಜನವರಿ 1ರಂದು ಯಂತ್ರದ ವಿಮೆಗೆ ಕಟ್ಟಿದ್ದು 24,000, ಡಿಸೆಂಬರ್ 31ರವರೆಗೆ ಚಾಲ್ತಿ. ಗುಮಾಸ್ತ ಪೂರ್ತಿ ಹಣವನ್ನು ವಿಮೆ ಖರ್ಚಿಗೆ ಬರೆದಿದ್ದಾನೆ. ಮಾರ್ಚ್ ಕೊನೆಗೆ ಬಳಸಿಕೊಂಡದ್ದು ಮೂರು ತಿಂಗಳ ರಕ್ಷಣೆ, 6,000 ಮಾತ್ರ. ಉಳಿದ 18,000ಕ್ಕೆ ಇನ್ನೂ ಒಂಬತ್ತು ತಿಂಗಳ ರಕ್ಷಣೆ ಬರಬೇಕು, ಆದ್ದರಿಂದ ಅದು ಖರ್ಚಲ್ಲ, ಆಸ್ತಿ. ಮುಂಗಡ ವಿಮೆ ಖಾತೆಗೆ 18,000 ಡೆಬಿಟ್, ವಿಮೆ ಖರ್ಚಿಗೆ ಅಷ್ಟೇ ಕ್ರೆಡಿಟ್.

ಇಲ್ಲಿ ಒಂದು ಎಚ್ಚರ. ಮಳಿಗೆ ಹಿಡಿಯುವಾಗ ಮಾಲೀಕರಿಗೆ ಕೊಡುವ ಹತ್ತು ತಿಂಗಳ ‘ಅಡ್ವಾನ್ಸ್’ ಇದೆಯಲ್ಲ, ಅದನ್ನು ಮುಂಗಡ ಖರ್ಚಿನ ಜೊತೆ ಬೆರೆಸಿಬಿಡುವವರು ಇದ್ದಾರೆ. ಅದು ಖಾಲಿ ಮಾಡುವಾಗ ಮರಳಿ ಬರುವ ಠೇವಣಿ. ತಿಂಗಳು ಕಳೆದಂತೆ ಕರಗುವುದಿಲ್ಲ, ಹಾಗಾಗಿ ಅದನ್ನು ವರ್ಷಗಳಿಗೆ ಹಂಚುವ ಪ್ರಶ್ನೆಯೇ ಇಲ್ಲ.

ಈಗ ಕೂಡಿ ಕಳೆಯಿರಿ. 2,40,000ದಿಂದ ಸಂಬಳದ 50,000 ಮತ್ತು ಕರೆಂಟಿನ 6,300 ತೆಗೆದು, ವಿಮೆಯ 18,000 ಸೇರಿಸಿದರೆ ನಿಜವಾದ ಲಾಭ 2,01,700. ಭಾಮೈದನ ಪಾಲು 1,00,850. ಮೊದಲಿನ ಲೆಕ್ಕದಂತೆ ಕೊಟ್ಟಿದ್ದರೆ 19,150 ರೂಪಾಯಿ ಹೆಚ್ಚಿಗೆ ಹೋಗುತ್ತಿತ್ತು, ಆ ಹೊರೆ ಪ್ರೆಸ್ಸಿನಲ್ಲೇ ಉಳಿದ ಭಾವನ ತಲೆಗೆ. ಬ್ಯಾಲೆನ್ಸ್ ಶೀಟೂ ಬದಲಾಗುತ್ತದೆ: ಹೊಣೆಗಳ ಕಡೆ 56,300, ಆಸ್ತಿಗಳ ಕಡೆ 18,000 ಹೊಸದಾಗಿ ಬಂದು ಕೂರುತ್ತವೆ.

‘ಹಳೆಯ ಅಂಗಡಿಯಲ್ಲಿ ಹೇಗೂ ವರ್ಷಕ್ಕೆ ಹನ್ನೆರಡು ಸಂಬಳ ಬೀಳುತ್ತದೆ, ಕಳೆದ ವರ್ಷದ ಮಾರ್ಚ್ ಈ ವರ್ಷಕ್ಕೆ ಬಂತು, ಈ ವರ್ಷದ್ದು ಮುಂದಕ್ಕೆ ಹೋಗುತ್ತದೆ, ತಲೆಕೆಡಿಸಿಕೊಳ್ಳುವುದೇಕೆ?’ ಎಂದು ಕೇಳುವವರ ಮಾತಿನಲ್ಲಿ ಅರ್ಧ ಸತ್ಯವಿದೆ. ಸಂಬಳ ಏರದೆ, ಜನ ಹೆಚ್ಚದೆ ಇದ್ದರೆ ಲಾಭದಲ್ಲಿ ವ್ಯತ್ಯಾಸ ಕಾಣುವುದಿಲ್ಲ. ಆದರೆ ಒಂದು ತಿಂಗಳ ಸಂಬಳದಷ್ಟು ಸಾಲ ಪ್ರತಿ ವರ್ಷವೂ ಬ್ಯಾಲೆನ್ಸ್ ಶೀಟಿನಿಂದ ಅಡಗಿಯೇ ಇರುತ್ತದೆ. ಪಾಲುದಾರ ಬಿಡುವಾಗ, ವ್ಯಾಪಾರ ಮಾರುವಾಗ ಅದು ಎದ್ದು ಬರುತ್ತದೆ.

ನನ್ನ ಅನುಭವದಲ್ಲಿ ಹೆಚ್ಚಿನ ತಪ್ಪುಗಳು ಆಗುವುದು ಮಾರ್ಚ್‌ನಲ್ಲಲ್ಲ, ಏಪ್ರಿಲ್‌ನಲ್ಲಿ. ಮಾರ್ಚ್‌ನ ನಮೂದನ್ನು ಹೊಸ ವರ್ಷದ ಮೊದಲ ದಿನ ತಿರುಗಿಸಿ ಬರೆಯಬೇಕು: ಕೊಡಬೇಕಾದ ಕರೆಂಟ್ ಖಾತೆಗೆ 6,300 ಡೆಬಿಟ್, ಕರೆಂಟ್ ಖರ್ಚಿಗೆ ಕ್ರೆಡಿಟ್. ಆಮೇಲೆ ಬಿಲ್ಲಿನ 9,300 ಕಟ್ಟಿ ಎಂದಿನಂತೆ ಖರ್ಚಿಗೆ ಬರೆದರೆ, ಖಾತೆಯಲ್ಲಿ ಉಳಿಯುವುದು 3,000. ಅದು ಸರಿಯಾಗಿ ಏಪ್ರಿಲ್‌ನ ಹತ್ತು ದಿನದ ಕರೆಂಟು. ತಿರುಗಿಸುವುದನ್ನು ಮರೆತರೆ ಮಾರ್ಚ್‌ನ 21 ದಿನ ಎರಡೂ ವರ್ಷಕ್ಕೆ ಬೀಳುತ್ತದೆ, ಬಾಕಿ ಖಾತೆಯಲ್ಲಿ ಯಾರಿಗೂ ಕೊಡಬೇಕಿಲ್ಲದ 6,300 ವರ್ಷಗಟ್ಟಲೆ ಕೊಳೆಯುತ್ತದೆ. ಮುಂಗಡ ವಿಮೆಯನ್ನು ಮರೆತರಂತೂ 18,000 ಯಾವ ವರ್ಷದ ಖರ್ಚಿಗೂ ಸೇರದೆ, ಮುಗಿದುಹೋದ ಪಾಲಿಸಿ ಆಸ್ತಿಯಂತೆ ಮೆರೆಯುತ್ತಿರುತ್ತದೆ.

ಎಲ್ಲರಿಗೂ ಈ ಗೋಜು ಇಲ್ಲ. ಕ್ಲಿನಿಕ್ ನಡೆಸುವ ಡಾಕ್ಟರು, ವಕೀಲರು ನಗದು ಪದ್ಧತಿಯಲ್ಲೇ ಲೆಕ್ಕ ಇಡಬಹುದು. ಕಂಪನಿಗಳಿಗೆ ಆ ಸ್ವಾತಂತ್ರ್ಯವಿಲ್ಲ, 2013ರ ಕಂಪನಿ ಕಾಯ್ದೆ ಬಾಕಿ, ಮುಂಗಡ ಎರಡನ್ನೂ ಹಿಡಿಯುವ ಪದ್ಧತಿಯನ್ನೇ ಕಡ್ಡಾಯ ಮಾಡಿದೆ. ಹಾಗೆಂದು ಆರುನೂರು ರೂಪಾಯಿಯ ಪತ್ರಿಕೆ ಚಂದಾವನ್ನೂ ತಿಂಗಳುವಾರು ಸೀಳುತ್ತ ಕೂರುವುದು ಕೆಲಸವಿಲ್ಲದವರ ಕೆಲಸ.

ನಿಮ್ಮ ಅಂಗಡಿಯ ಲೆಕ್ಕಕ್ಕೆ ಸಹಿ ಹಾಕುವ ಮೊದಲು ಸಂಬಳ, ಬಾಡಿಗೆ, ಕರೆಂಟ್ ಖಾತೆಗಳನ್ನು ತೆರೆಸಿ ತಿಂಗಳು ಎಣಿಸಿ. ಹನ್ನೊಂದು ಬಂದರೆ ಬಾಕಿ ಬಿಟ್ಟುಹೋಗಿದೆ, ಹದಿಮೂರು ಬಂದರೆ ಹಿಂದಿನ ವರ್ಷದ್ದನ್ನು ತಿರುಗಿಸಿಲ್ಲ. ಹನ್ನೆರಡೇ ಬಂದರೂ ಮೊದಲ ತಿಂಗಳು ಏಪ್ರಿಲ್ ಹೌದೋ ಅಲ್ಲವೋ ಎಂದು ಕೇಳಿ. ಆಮೇಲೆ ಏಪ್ರಿಲ್, ಮೇ ತಿಂಗಳ ಪಾವತಿ ವೋಚರ್‌ಗಳನ್ನು ಒಮ್ಮೆ ಮಗುಚಿ ಹಾಕಿ. ಬಿಟ್ಟುಹೋದ ಬಾಕಿಗಳು ಹೆಚ್ಚಾಗಿ ಸಿಗುವುದು ಅಲ್ಲೇ.