ಅಳಿಸಿದ ಖಾತೆ ಎಲ್ಲ ಕಡೆಯಿಂದಲೂ ಅಳಿಯಿತೇ?

ದಿನಸಿ ತರಿಸಿಕೊಳ್ಳುವ ಆ್ಯಪ್ ಒಂದರಲ್ಲಿ ‘ಖಾತೆ ಅಳಿಸಿ’ ಎಂಬ ಗುಂಡಿ ಒತ್ತಿದರೆ, ಖಾತೆ ಅಳಿದಿದೆ ಎಂಬ ಸಂದೇಶ ಬರುತ್ತದೆ. ಆದರೆ ಗ್ರಾಹಕರ ಹೆಸರು, ವಿಳಾಸ, ಫೋನ್ ನಂಬರ್ ಇರುವುದು ಒಂದೇ ಕಡೆಯಲ್ಲ. ಮುಖ್ಯ ಡೇಟಾಬೇಸ್‌ನಲ್ಲಿ ಒಂದು ಪ್ರತಿ ಇರುತ್ತದೆ. ಬೇಗ ಹುಡುಕಲೆಂದು ಸರ್ಚ್ ಇಂಡೆಕ್ಸ್‌ನಲ್ಲಿ ಇನ್ನೊಂದು, ಪುಟ ಬೇಗ ತೆರೆಯಲೆಂದು ಕ್ಯಾಶ್‌ನಲ್ಲಿ ಮತ್ತೊಂದು. ಗ್ರಾಹಕರು ಕಳಿಸಿದ ಫೋಟೊಗಳಿಗೆ ಬೇರೆ ಉಗ್ರಾಣ, ಮಾರಾಟದ ಲೆಕ್ಕ ನೋಡಲು ಬೇರೆ ಡೇಟಾಬೇಸ್. ಇವಲ್ಲದೆ ಸರ್ವರ್‌ಗಳ ಲಾಗ್ ಕಡತಗಳು, ಎಸ್ಸೆಮ್ಮೆಸ್ ಕಳಿಸಿಕೊಡುವ ಹೊರಗಿನ ಸಂಸ್ಥೆ, ಪ್ರತಿ ರಾತ್ರಿ ತೆಗೆದಿಡುವ ಬ್ಯಾಕಪ್. ಖಾತೆ ಅಳಿಸುವುದೆಂದರೆ ಈ ಎಲ್ಲ ಕಡೆಯಿಂದಲೂ ಅಳಿಸುವುದು. ಅದು ನಿಜವಾಗಿ ಆಗಿದೆಯೇ ಎಂದು ಖಚಿತಪಡಿಸಿಕೊಳ್ಳಲು ತೆರೆಯ ಮೇಲಿನ ಸಂದೇಶ ಸಾಲದು, ಒಂದೊಂದು ಉಗ್ರಾಣವನ್ನೂ ತೆರೆದು ನೋಡಬೇಕು.

ಒಂದು ಉಗ್ರಾಣ ಮರೆತುಹೋದರೆ ಏನಾಗುತ್ತದೆ ಎಂಬುದಕ್ಕೆ ಅಮೆಜಾನ್‌ನ ಅಲೆಕ್ಸಾ ಪ್ರಕರಣ ಉದಾಹರಣೆ. ಮಕ್ಕಳ ಧ್ವನಿಮುದ್ರಣಗಳನ್ನು ಅಳಿಸುವಂತೆ ಪೋಷಕರು ಕೇಳಿದಾಗ, ಆ ಮಾತಿನ ಬರಹರೂಪವನ್ನು ಕಂಪನಿ ತನ್ನ ಎಲ್ಲ ಡೇಟಾಬೇಸ್‌ಗಳಿಂದ ತೆಗೆದುಹಾಕಲಿಲ್ಲ ಎಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಆರೋಪಿಸಿತು. 2023ರಲ್ಲಿ ಕಂಪನಿ 2.5 ಕೋಟಿ ಡಾಲರ್ ದಂಡ ಕಟ್ಟಲು ಒಪ್ಪಿ ಪ್ರಕರಣ ಮುಗಿಸಿಕೊಂಡಿತು. ಧ್ವನಿಯಿಂದ ಹುಟ್ಟಿದ ಬರಹವೂ ಅದೇ ವ್ಯಕ್ತಿಯ ಮಾಹಿತಿ. ಹೀಗೆ ಒಂದರಿಂದ ಇನ್ನೊಂದಾಗಿ ಹುಟ್ಟಿದ ಪ್ರತಿಗಳೇ ಪರೀಕ್ಷೆಯಲ್ಲಿ ಹೆಚ್ಚಾಗಿ ಕಣ್ತಪ್ಪುವುದು.

ಪರೀಕ್ಷೆಯ ಮೊದಲ ಹೆಜ್ಜೆ ಗುರುತು ನೆಡುವುದು. ಪರೀಕ್ಷೆಗೆಂದೇ ಮೀಸಲಾದ ವ್ಯವಸ್ಥೆಯಲ್ಲಿ ಒಂದು ಖಾತೆ ತೆರೆದು, ಅದರ ಪ್ರತಿ ಜಾಗದಲ್ಲೂ ಬೇರೆಲ್ಲೂ ಬರಲಾರದ ಒಂದು ಪದವನ್ನು ತುಂಬುತ್ತಾರೆ. ಹೆಸರಿಗೆ `zqkaveri4419name`, ವಿಳಾಸಕ್ಕೆ `zqkaveri4419addr`, ಸಹಾಯವಾಣಿಗೆ ಬರೆದ ಚಾಟ್‌ನಲ್ಲಿ `zqkaveri4419chat`, ಹೀಗೆ. ಎಲ್ಲದಕ್ಕೂ ಮೊದಲ ಭಾಗ ಒಂದೇ ಇರುವುದರಿಂದ ಒಂದೇ ಸಲಕ್ಕೆ ಹುಡುಕಬಹುದು. ಕೊನೆಯ ಭಾಗ ಬೇರೆಬೇರೆ ಇರುವುದರಿಂದ ಯಾವ ಮಾಹಿತಿ ಉಳಿದುಕೊಂಡಿತು ಎಂಬುದು ಒಡನೆ ತಿಳಿಯುತ್ತದೆ. ಪದದ ನಡುವೆ ಅಡ್ಡಗೆರೆ ಹಾಕುವುದಿಲ್ಲ. ಸರ್ಚ್ ಇಂಡೆಕ್ಸ್‌ಗಳು ಅಂಥ ಪದವನ್ನು ಅಲ್ಲಿಗೇ ತುಂಡರಿಸಿ ಇಟ್ಟುಕೊಳ್ಳುವುದುಂಟು, ಆಗ ಇಡೀ ಗುರುತು ಸಿಕ್ಕುವುದಿಲ್ಲ.

ಬಳಿಕ ಆ ಖಾತೆಯಿಂದ ಒಂದು ಆರ್ಡರ್ ಕೊಟ್ಟು, ಫೋಟೊ ಏರಿಸಿ, ಅಭಿಪ್ರಾಯ ಬರೆದು, ರಾತ್ರಿಯ ಬ್ಯಾಕಪ್ ಮುಗಿಯುವ ತನಕ ಕಾಯುತ್ತಾರೆ. ಅಳಿಸುವುದಕ್ಕೆ ಮುಂಚೆಯೇ ಒಮ್ಮೆ ಹುಡುಕುವುದು ಬಹು ಮುಖ್ಯ. ಮುಖ್ಯ ಡೇಟಾಬೇಸ್ ಪೋಸ್ಟ್‌ಗ್ರೆಸ್ ಆಗಿದ್ದರೆ, ಅದನ್ನೆಲ್ಲ ಪಠ್ಯವಾಗಿ ಸುರಿದು, ಗುರುತು ಎಷ್ಟು ಸಾಲುಗಳಲ್ಲಿದೆ ಎಂದು ಎಣಿಸಬಹುದು:

```
pg_dump shop | grep -c zqkaveri4419
```

ಉತ್ತರ 14 ಬಂತೆನ್ನೋಣ. ಅಳಿಸಿದ ಮೇಲೆ ಅದೇ ಆಜ್ಞೆ 0 ಕೊಟ್ಟರೆ ಆ ಸೊನ್ನೆಗೆ ಅರ್ಥವಿದೆ. ಮೊದಲೇ ಸೊನ್ನೆ ಬಂದಿದ್ದರೆ ಹುಡುಕುವ ವಿಧಾನವೇ ಸರಿಯಿಲ್ಲ ಎಂದರ್ಥ. ಲೆಕ್ಕದ ಡೇಟಾಬೇಸ್‌ನಲ್ಲಿ ಇಮೇಲ್ ವಿಳಾಸವನ್ನು ಹ್ಯಾಶ್ ಮಾಡಿ ಇಟ್ಟಿದ್ದರೆ ಅಲ್ಲಿ ಗುರುತು ಕಣ್ಣಿಗೆ ಬೀಳುವುದೇ ಇಲ್ಲ. ಅಲ್ಲಿ ಆ ಇಮೇಲ್‌ನ ಹ್ಯಾಶ್ ಮೌಲ್ಯವನ್ನೇ ಹುಡುಕಬೇಕು. ಹೀಗೆ ಪ್ರತಿ ಉಗ್ರಾಣದಲ್ಲೂ ‘ಇದೆ’ ಎಂದು ತೋರಿಸಿದ ಹುಡುಕಾಟಕ್ಕೆ ಮಾತ್ರ ‘ಇಲ್ಲ’ ಎನ್ನುವ ಅಧಿಕಾರ.

ಮಾಹಿತಿ ರಫ್ತಿನ, ಅಂದರೆ ‘ನನ್ನ ಮಾಹಿತಿಯ ಪ್ರತಿ ಕೊಡಿ’ ಎಂಬ ಸೌಲಭ್ಯದ ಪರೀಕ್ಷೆಯೂ ಇದೇ ಹಂತದಲ್ಲಿ ನಡೆಯುತ್ತದೆ. ರಫ್ತಾದ ಕಡತದಲ್ಲಿ ಯಾವ ಯಾವ ಗುರುತುಗಳಿವೆ, ಉಗ್ರಾಣಗಳಲ್ಲಿ ಯಾವುವು ಸಿಕ್ಕವು ಎಂದು ಎರಡು ಪಟ್ಟಿ ಮಾಡಿ ಹೋಲಿಸುತ್ತಾರೆ. ಚಾಟ್‌ನ ಗುರುತು ಉಗ್ರಾಣದಲ್ಲಿದ್ದೂ ರಫ್ತಿನಲ್ಲಿ ಇಲ್ಲದಿದ್ದರೆ, ಚಾಟ್ ಇರುವ ಜಾಗ ರಫ್ತು ಬರೆದವರ ಗಮನಕ್ಕೇ ಬಂದಿಲ್ಲ. ಅಳಿಸುವ ಕೆಲಸವೂ ಅದೇ ಪಟ್ಟಿಯನ್ನು ನಂಬಿಕೊಂಡಿದ್ದರೆ ಅಲ್ಲಿಯೂ ಚಾಟ್ ಉಳಿದುಬಿಡುತ್ತದೆ. ಹೀಗೆ ಒಂದರ ಕೊರತೆ ಇನ್ನೊಂದರ ಕೊರತೆಯನ್ನು ಮುಂಚೆಯೇ ತೋರಿಸಿಕೊಡುತ್ತದೆ.

ರಫ್ತಿನಲ್ಲಿ ಕೊರತೆಗಿಂತ ದೊಡ್ಡ ಅಪಾಯ ಬೇರೆಯವರ ಮಾಹಿತಿ ಸೇರಿಕೊಳ್ಳುವುದು. 2019ರ ನವೆಂಬರ್ 21ರಿಂದ 25ರ ನಡುವೆ ಗೂಗಲ್ ಟೇಕ್‌ಔಟ್ ಸೇವೆಯಲ್ಲಿ ಹೀಗೆಯೇ ಆಗಿ, ಕೆಲವರ ಗೂಗಲ್ ಫೋಟೋಸ್ ವಿಡಿಯೊಗಳು ಅಪರಿಚಿತರ ರಫ್ತು ಕಡತಗಳಿಗೆ ಹೋಗಿದ್ದವು. ಇದನ್ನು ಹಿಡಿಯಲು ಬೇರೆ ಗುರುತಿನ ಎರಡನೆಯ ಖಾತೆ ಬೇಕು. ಎರಡೂ ಖಾತೆಗಳ ರಫ್ತನ್ನು ಒಂದೇ ಹೊತ್ತಿಗೆ ಕೇಳಿ, ಒಂದರ ಗುರುತು ಇನ್ನೊಂದರ ಕಡತದಲ್ಲಿ ಇಲ್ಲವೆಂದು ನೋಡಬೇಕು. ಮೊದಲ ಖಾತೆಯನ್ನು ಅಳಿಸಿದ ಮೇಲೆ ಈ ಎರಡನೆಯ ಖಾತೆಯಲ್ಲಿ ಏನೂ ಕಳೆದಿಲ್ಲ ಎಂಬುದನ್ನೂ ನೋಡಬೇಕು.

ಅಳಿಸಿದ ಮೇಲೂ ಗುರುತು ಸಿಕ್ಕಿದರೆ ಕಾರಣ ಹುಡುಕಬೇಕು. ಅನೇಕ ವ್ಯವಸ್ಥೆಗಳಲ್ಲಿ ಅಳಿಸುವುದೆಂದರೆ `deleted_at` ಎಂಬ ಕಾಲಮ್‌ನಲ್ಲಿ ತಾರೀಕು ಬರೆಯುವುದಷ್ಟೇ. ಆ್ಯಪ್‌ಗೆ ಖಾತೆ ಕಾಣುವುದಿಲ್ಲ, ಸಾಲು ಮಾತ್ರ ಹಾಗೇ ಕೂತಿರುತ್ತದೆ. ಅಮೆಜಾನ್ ಎಸ್3ಯಂಥ ಕಡತ ಉಗ್ರಾಣದಲ್ಲಿ ಹಳೆಯ ಆವೃತ್ತಿಗಳನ್ನು ಉಳಿಸುವ ಏರ್ಪಾಡು ಚಾಲೂ ಇದ್ದರೆ, ಆವೃತ್ತಿ ಹೆಸರಿಸದೆ ಅಳಿಸಿದ ಫೋಟೊದ ಮೇಲೆ ‘ಅಳಿಸಿದೆ’ ಎಂಬ ಗುರುತು ಕೂರುತ್ತದೆ, ಕೆಳಗಿನ ಆವೃತ್ತಿ ಉಳಿಯುತ್ತದೆ. ಆದ್ದರಿಂದ ಪರೀಕ್ಷಕರು ಎಲ್ಲ ಆವೃತ್ತಿಗಳ ಪಟ್ಟಿಯನ್ನೇ ತರಿಸಿ ನೋಡಬೇಕು.

ಇನ್ನೊಂದು ದೋಷ ತಡವಾಗಿ ತಲೆ ಎತ್ತುತ್ತದೆ. ಖಾತೆ ಅಳಿದ ಹತ್ತು ನಿಮಿಷಕ್ಕೆ ‘ಆರ್ಡರ್ ತಲುಪಿತು’ ಎಂಬ ಸಂದೇಶ ಸರತಿಯಿಂದ ಹೊರಬಂದು, ಗ್ರಾಹಕರ ಹೆಸರು, ವಿಳಾಸಗಳನ್ನು ಡೇಟಾಬೇಸ್‌ಗೆ ಮರಳಿ ಬರೆದುಬಿಡುತ್ತದೆ. ಅಳಿಸಿದ ತಕ್ಷಣ ಮಾಡಿದ ಪರೀಕ್ಷೆಗೆ ಇದು ಸಿಕ್ಕುವುದಿಲ್ಲ. ಬೇಕೆಂದೇ ಒಂದು ಸಂದೇಶವನ್ನು ತಡೆಹಿಡಿದು, ಖಾತೆ ಅಳಿಸಿ, ಆಮೇಲೆ ಸಂದೇಶ ಬಿಟ್ಟು ಮತ್ತೆ ಹುಡುಕಬೇಕು. ಹಾಗೆಯೇ ಸರ್ಚ್ ಸರ್ವರ್ ನಿಲ್ಲಿಸಿ ಖಾತೆ ಅಳಿಸಿದರೆ, ಸರ್ವರ್ ಮರಳಿದ ಮೇಲೆ ಬಾಕಿ ಕೆಲಸ ತಾನಾಗಿ ಪೂರ್ತಿಯಾಗಬೇಕು.

ಬ್ಯಾಕಪ್‌ನ ಮಾತು ಬೇರೆ. ಅದರೊಳಗಿಂದ ಒಬ್ಬರ ಮಾಹಿತಿಯನ್ನು ಮಾತ್ರ ತೆಗೆಯುವುದು ಕಷ್ಟ. ಹಾಗಾಗಿ ನಿಗದಿತ ದಿನಗಳ ನಂತರ ಇಡೀ ಬ್ಯಾಕಪ್ ನಾಶವಾಗುವಂತೆ ಮಾಡಿ, ಅಲ್ಲಿಯವರೆಗೆ ಅಳಿಸಿದ ಖಾತೆಗಳ ಆಂತರಿಕ ಸಂಖ್ಯೆಗಳನ್ನಷ್ಟೇ ಒಂದು ಪಟ್ಟಿಯಲ್ಲಿಡುತ್ತಾರೆ. ಪರೀಕ್ಷೆಗಾಗಿ ಹಿಂದಿನ ದಿನದ ಬ್ಯಾಕಪ್ ಮರುಸ್ಥಾಪಿಸಿದಾಗ ಗುರುತು ಮರಳಿ ಬರುತ್ತದೆ. ವ್ಯವಸ್ಥೆ ಬಳಕೆಗೆ ತೆರೆದುಕೊಳ್ಳುವ ಮೊದಲೇ ಆ ಪಟ್ಟಿ ಮತ್ತೆ ಜಾರಿಯಾಗಿ ಗುರುತು ಮಾಯವಾಗಬೇಕು.

ಎಲ್ಲ ಕಡೆ ಸೊನ್ನೆ ಬರುವುದೂ ಸರಿಯಲ್ಲ. ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಮಾಹಿತಿ ಅಳಿಸಿಕೊಳ್ಳುವ ಹಕ್ಕು ಕೊಟ್ಟರೂ, ಬೇರೆ ಕಾನೂನು ಇಟ್ಟುಕೊಳ್ಳಲೇಬೇಕೆಂದದ್ದನ್ನು ಹೊರಗಿಟ್ಟಿದೆ. ಜಿಎಸ್‌ಟಿ ಕಾನೂನಿನಂತೆ ಲೆಕ್ಕಪತ್ರಗಳನ್ನು ವಾರ್ಷಿಕ ರಿಟರ್ನ್ ಸಲ್ಲಿಸಲು ಕೊನೆಯ ದಿನದಿಂದ 72 ತಿಂಗಳು ಕಾಯ್ದಿಡಬೇಕು. ಆದ್ದರಿಂದ ಬಿಲ್‌ನಲ್ಲಿ ಹೆಸರಿನ ಗುರುತು ಉಳಿಯಬಹುದು, ಚಾಟ್‌ನ ಗುರುತು ಉಳಿಯಬಾರದು. ಯಾವುದು, ಎಲ್ಲಿ, ಎಷ್ಟು ಕಾಲ ಉಳಿಯಬಹುದೆಂಬ ಪಟ್ಟಿಯನ್ನು ಪರೀಕ್ಷೆಗೆ ಮುಂಚೆಯೇ ಬರೆದಿಡಬೇಕು. ಅದರಾಚೆ ಒಂದೇ ಒಂದು ಗುರುತು ಸಿಕ್ಕರೂ ಪರೀಕ್ಷೆ ಸೋತಂತೆ. ಹೊಸ ಉಗ್ರಾಣ ಸೇರಿದಾಗಲೆಲ್ಲ ಈ ಹುಡುಕಾಟವನ್ನು ಮೊದಲಿನಿಂದ ನಡೆಸಬೇಕು. ಹೊರಗಿನ ಸಂಸ್ಥೆಯ ಉಗ್ರಾಣಕ್ಕೆ ಇಣುಕಲು ಆಗದ ಕಡೆ, ಅಳಿಸುವ ಕೋರಿಕೆ ಹೋಗಿದೆಯೇ, ಅದಕ್ಕೆ ಒಪ್ಪಿಗೆಯ ಉತ್ತರ ಬಂದಿದೆಯೇ ಎಂಬಷ್ಟನ್ನು ಮಾತ್ರ ಪರೀಕ್ಷೆ ಹೇಳಬಲ್ಲದು.